ಗೆಟ್ ಬದಲು ಎಲ್ಲ ಕಡೆ ಅಬ್ಟೇನ್ ಹಾಕಿದೆ, ಪತ್ರ ವಾಪಸ್ ಬಂತು

ನಿಂಬೆಹುಳಿ

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಮೊನ್ನೆ ಹೊರಗಿನವರೊಬ್ಬರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು. ಶಾಲೆಯಲ್ಲಿ ನಮ್ಮ ಮೇಷ್ಟ್ರು "ಗೆಟ್ ಅನ್ನೋದು ಮಾತಿಗೆ, ಬರೆಯುವಾಗ ಅಬ್ಟೇನ್" ಅಂತ ಹೇಳಿದ್ದು ತಲೆಯಲ್ಲಿ ಹಾಗೇ ಕೂತಿತ್ತು. ಮೊದಲು ಮಾತಾಡುವ ಹಾಗೆ ಬರೆದುಕೊಂಡು, ಆಮೇಲೆ ಗೆಟ್ ಇದ್ದ ಕಡೆಯೆಲ್ಲ ಅಬ್ಟೇನ್ ಹಾಕಿದೆ. ನಮ್ಮ ಸೀನಿಯರ್ ಐದರಲ್ಲಿ ನಾಲ್ಕಕ್ಕೆ ಸುತ್ತು ಹಾಕಿ ವಾಪಸ್ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ, ಸುಮ್ನೆ ನಕ್ಕರು. ಕೇಳೋಕೆ ನನಗೂ ಮುಜುಗರ.

ನಾನು ಮೊದಲು ಬರೆದದ್ದು ಇದು:

೧. ಐ ಗಾಟ್ ಯುವರ್ ಲೆಟರ್ ಆನ್ ಮಂಡೇ.
೨. ವಿ ವಿಲ್ ಗೆಟ್ ದ ಮ್ಯಾನೇಜರ್ಸ್ ಪರ್ಮಿಷನ್ ಬೈ ಫ್ರೈಡೇ.
೩. ಅವರ್ ಟೀಮ್ ಹ್ಯಾಸ್ ಗಾಟ್ ಗುಡ್ ಎಕ್ಸ್‌ಪೀರಿಯೆನ್ಸ್ ಇನ್ ದಿಸ್ ವರ್ಕ್.
೪. ಐ ಡಿಡ್ ನಾಟ್ ಗೆಟ್ ಯುವರ್ ಥರ್ಡ್ ಪಾಯಿಂಟ್.
೫. ದ ವರ್ಕ್ ಈಸ್ ಗೆಟಿಂಗ್ ಡಿಲೇಯ್ಡ್.

ಇದರಲ್ಲಿ ಎರಡನೆಯದು ಮಾತ್ರ ಪಾಸ್. ಉಳಿದ ನಾಲ್ಕರಲ್ಲಿ ಅಬ್ಟೇನ್ ಯಾಕೆ ತಪ್ಪು? ಎಲ್ಲದರ ಅರ್ಥವೂ 'ಪಡೆ' ತಾನೇ?

ಸೀದಾಮಾತು

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಾನು ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪತ್ರಕ್ಕೆ ರಿಸೀವ್, ಅನುಮತಿಗೆ ಅಬ್ಟೇನ್, ಜ್ಞಾನ ಮತ್ತು ಅನುಭವಕ್ಕೆ ಅಕ್ವೈರ್. ಮೂರು ಜೋಡಿ ಬಾಯಿಪಾಠ ಮಾಡಿ, ಸಾಕು. ಬರವಣಿಗೆಯಲ್ಲಿ ಗೆಟ್ ಅಂತ ಬಂದರೆ ಅದು ತಪ್ಪೇ. ಇದರಲ್ಲಿ ಎರಡು ಮಾತಿಲ್ಲ.

ಮೂರನೇಬೆಂಚು

ಹಾಗಾದರೆ ಗಾಟ್ ಸರಿನಾ ಗಾಟನ್ ಸರಿನಾ? ಸರಣಿಗಳಲ್ಲಿ ಎಲ್ಲರೂ ಗಾಟನ್ ಅಂತಾರೆ. ಅದೇ ಬರವಣಿಗೆಯ ರೂಪ ಅಂದುಕೊಂಡಿದ್ದೆ.

ತಿದ್ದುಗಾರ

ಮೂರನೇಬೆಂಚು, ನೀವು ಕೇಳಿದ್ದು ಬೇರೆ ವಿಷಯ. ಗಾಟನ್ ಅಮೆರಿಕದವರ ರೂಪ, ಗಾಟ್ ಬ್ರಿಟಿಷರದ್ದು. ಮಾತು, ಬರಹ ಅನ್ನುವ ಭೇದ ಅದರಲ್ಲಿಲ್ಲ. ಬೇಕಿದ್ದರೆ ಆಮೇಲೆ ನೋಡೋಣ.

ನಿಂಬೆಹುಳಿ ಅವರೇ, ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರ ಇದೆ. "ಎಲ್ಲದರ ಅರ್ಥವೂ ಪಡೆ ತಾನೇ" ಅಂದಿರಲ್ಲ, ಎಡವಿದ್ದು ಅಲ್ಲೇ. ಇಪ್ಪತ್ತು ವರ್ಷದಿಂದ ಬೇರೆಯವರ ಇಂಗ್ಲಿಷ್ ತಿದ್ದುತ್ತಿದ್ದೇನೆ. ಕನ್ನಡದವರು ಅಬ್ಟೇನ್ ಅನ್ನು ತಪ್ಪು ಜಾಗದಲ್ಲಿ ಇಟ್ಟಾಗೆಲ್ಲ ಹೆಚ್ಚುಕಡಿಮೆ 'ಪಡೆ'ಯೇ ಕಾರಣ ಆಗಿರುತ್ತದೆ.

ಮಾತಿನಲ್ಲಿ ನಾವು "ನನಗೆ ಪತ್ರ ಸಿಕ್ತು", "ನನಗೆ ಪರ್ಮಿಷನ್ ಸಿಕ್ತು" ಅಂತೀವಿ. ಇಲ್ಲಿ ನಾನು ಏನೂ ಮಾಡುತ್ತಿಲ್ಲ. ಪತ್ರವೇ ಬಂದು ಸಿಕ್ಕಿತು. ಅದನ್ನೇ ಬರೆಯುವಾಗ "ಪತ್ರವನ್ನು ಪಡೆದೆ", "ಅನುಮತಿಯನ್ನು ಪಡೆದೆ" ಅಂತೀವಿ. ಸುಮ್ಮನೆ ಕೂತಿದ್ದಾಗ ಅಂಚೆಯವರು ಕೊಟ್ಟು ಹೋದ ಪತ್ರವನ್ನೂ ಪಡೆದೆ, ಹತ್ತು ಸಲ ಅಲೆದು ಹಾಕಿಸಿಕೊಂಡ ಸಹಿಯನ್ನೂ ಪಡೆದೆ, ವರ್ಷಗಟ್ಟಲೆ ಓದಿ ಜ್ಞಾನವನ್ನೂ ಪಡೆದೆ. ಕನ್ನಡದಲ್ಲಿ ಮೂರೂ ಸರಿ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಒಂದೇ ಶಬ್ದ ಬೇಕು ಅಂದರೆ ಅದು ಗೆಟ್ ಮಾತ್ರ. ಬರಹದ ಶಬ್ದಕ್ಕೆ ಹೋದ ತಕ್ಷಣ ದಾರಿ ಮೂರಾಗುತ್ತದೆ.

ಅಬ್ಟೇನ್ ಅಂದರೆ ಗೆಟ್‌ಗೆ ಕೋಟು ಹಾಕಿಸಿದ್ದಲ್ಲ. ಗೆಟ್‌ನಲ್ಲಿರುವ ಒಂದು ಚೂರು ಮಾತ್ರ ಅದು. ವಸ್ತು ನನ್ನ ಕೈಗೆ ಬಂತು ಅನ್ನೋದಷ್ಟೇ ಗೆಟ್‌ಗೆ ಮುಖ್ಯ, ಯಾರು ಓಡಾಡಿದರು ಅನ್ನೋದು ಅದಕ್ಕೆ ಬೇಕಿಲ್ಲ. ಅಬ್ಟೇನ್ ಅಂದರೆ ನಾನು ಓಡಾಡಿದೆ, ಕೇಳಿದೆ, ಅರ್ಜಿ ಕೊಟ್ಟೆ, ಅದಕ್ಕೇ ಬಂತು. ರಿಸೀವ್ ಅಂದರೆ ಕಳಿಸಿದವರು ಬೇರೆ, ನಾನು ಈ ತುದಿಯಲ್ಲಿದ್ದೆ. ಅಕ್ವೈರ್ ಅಂದರೆ ಅದು ನನ್ನದಾಯಿತು, ನನ್ನ ಹತ್ತಿರವೇ ಉಳಿಯಿತು.

"ಐ ಅಬ್ಟೇನ್ಡ್ ಯುವರ್ ಲೆಟರ್" ಅಂತ ಓದಿದರೆ, ಆ ಪತ್ರ ನಿಮಗೆ ಬರೆದದ್ದೇ ಅಲ್ಲ, ಯಾರ ಕೈಯಿಂದಲೋ ಹೇಗೋ ಸಂಪಾದಿಸಿದಿರಿ ಅನ್ನಿಸುತ್ತದೆ. ನಿಮ್ಮ ಸೀನಿಯರ್ ನಕ್ಕಿದ್ದು ಇದಕ್ಕೇ ಇರಬೇಕು.

ಮಳೆಗಾಲ

ಅಯ್ಯೋ, ನನ್ನದು ಇದರ ತಿರುಗುಮುರುಗು ಕಥೆ. ಹೊರದೇಶದಲ್ಲಿರುವ ಗೆಳತಿ ನನ್ನ ಹುಟ್ಟುಹಬ್ಬಕ್ಕೆ ಒಂದು ಶಾಲು ಕಳಿಸಿದ್ದಳು. ಅವಳಿಗೆ ಕನ್ನಡ ಬರಲ್ಲ. "ಐ ಹ್ಯಾವ್ ರಿಸೀವ್ಡ್ ಯುವರ್ ಗಿಫ್ಟ್" ಅಂತ ಮೆಸೇಜ್ ಹಾಕಿದೆ. ಒಳ್ಳೆ ಇಂಗ್ಲಿಷ್ ಬರೆದೆ ಅಂತ ಖುಷಿಯಲ್ಲಿದ್ದೆ. ಅವಳು ಎರಡು ದಿನ ಮಾತಾಡಲಿಲ್ಲ. ಆಮೇಲೆ "ಶಾಲು ಇಷ್ಟ ಆಗಲಿಲ್ವಾ? ಕೊರಿಯರ್‌ನವರಿಗೆ ಸಹಿ ಹಾಕಿಕೊಟ್ಟ ಹಾಗಿತ್ತು ನಿನ್ನ ಮಾತು" ಅಂದಳು. ವ್ಯಾಕರಣ ನೋಡಿದರೆ ಸರಿಯೇ ಇತ್ತು. ನನಗೆ ಇವತ್ತಿಗೂ ಅರ್ಥ ಆಗಿಲ್ಲ, ಅಂಥ ತಪ್ಪೇನು ಅದರಲ್ಲಿ?

ಹಳೇಪೆನ್ನು

ಮಳೆಗಾಲ ಅವರೇ, ನಿಮ್ಮ ಗೆಳತಿ ಹೇಳಿದ್ದು ಬರೀ ತಮಾಷೆ ಅಲ್ಲ. ರಿಸೀಟ್ ಅಂತೀವಲ್ಲ, ರಸೀದಿ, ಅದು ರಿಸೀವ್‌ನ ಒಡಹುಟ್ಟೇ. ಎರಡೂ ಲ್ಯಾಟಿನ್ನಿನ ರೆಸಿಪೆರೆ ಅನ್ನುವ ಒಂದೇ ಬೇರಿನಿಂದ ಫ್ರೆಂಚ್ ಮೂಲಕ ಬಂದವು. ರಿಸೀಟ್‌ನ ಸ್ಪೆಲಿಂಗಿನಲ್ಲಿ ಉಚ್ಚಾರವೇ ಆಗದ ಒಂದು `p` ಇದೆಯಲ್ಲ, ಅದನ್ನು ಲ್ಯಾಟಿನ್ ನೋಡಿಕೊಂಡು ಆಮೇಲೆ ಸೇರಿಸಿದರು. ಹಾಗಾಗಿ ನೀವು ನಿಜಕ್ಕೂ ರಸೀದಿಯನ್ನೇ ಕೊಟ್ಟಿದ್ದೀರಿ.

ಗೆಳೆತನದಲ್ಲಿ "ಗಾಟ್ ಯುವರ್ ಗಿಫ್ಟ್" ಅಂದರೆ ಸಾಕಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಸ್ಥಾನ, ಕಾನೂನು, ಲೆಕ್ಕಪತ್ರ ಎಲ್ಲ ಫ್ರೆಂಚಿಗೆ ಮತ್ತು ಲ್ಯಾಟಿನ್ನಿಗೆ ಹೋದವು. ಮನೆಮಾತು ಮಾತ್ರ ಇಂಗ್ಲಿಷೇ ಉಳಿಯಿತು. ರಿಸೀವ್, ಅಬ್ಟೇನ್, ಅಕ್ವೈರ್ ಮೂರೂ ಆ ಕಚೇರಿಯ ಬಾಗಿಲಿನಿಂದ ಒಳಗೆ ಬಂದವು. ಆ ವಾಸನೆ ಇನ್ನೂ ಹೋಗಿಲ್ಲ.

ಸೀದಾಮಾತು

ಅಂದರೆ ಗೆಟ್ ಅಪ್ಪಟ ಇಂಗ್ಲಿಷ್, ಉಳಿದದ್ದು ಪರಭಾಷೆಯದ್ದು. ನಾನೂ ಪಾಠದಲ್ಲಿ ಇದನ್ನೇ ಹೇಳೋದು.

ಹಳೇಪೆನ್ನು

ಪೂರ್ತಿ ಹಾಗಲ್ಲ ಸಾರ್. ಗೆಟ್ ಕೂಡ ಹೊರಗಿನಿಂದಲೇ ಬಂದದ್ದು. ಉತ್ತರದ ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ಗೆಟಾ ಅದು. ಇಂಗ್ಲಿಷಿನ ಸ್ವಂತ ರೂಪ ಫರ್ಗೆಟ್, ಬಿಗೆಟ್‌ನಂಥ ಶಬ್ದಗಳ ಹೊಟ್ಟೆಯೊಳಗೆ ಮಾತ್ರ ಇತ್ತು. ಆದರೆ ನಾರ್ಸಿನವರು ಪಕ್ಕದ ಹೊಲದಲ್ಲಿ ಉಳುತ್ತಿದ್ದ ಜನ, ಫ್ರೆಂಚಿನವರು ಕೋಟೆಯಲ್ಲಿದ್ದವರು. ಎಲ್ಲಿಂದ ಬಂತು ಅನ್ನೋದಕ್ಕಿಂತ ಯಾರ ಬಾಯಲ್ಲಿ ಬಂತು ಅನ್ನೋದು ಹೆಚ್ಚು.

ನಿಂಬೆಹುಳಿ

ತಿದ್ದುಗಾರ ಸಾರ್, ಒಂದನೇ ವಾಕ್ಯ ಅರ್ಥ ಆಯಿತು. ಆದರೆ ಬರೆಯುತ್ತಾ ಕೂತಾಗ ಓಡಾಡಿದೆನಾ, ಕೂತಿದ್ದೆನಾ ಅಂತ ಪ್ರತಿ ಸಲ ಯೋಚಿಸೋದು ಕಷ್ಟ. ಸುಲಭದ ಗುರುತು ಏನಾದರೂ ಇದೆಯಾ?

ತಿದ್ದುಗಾರ

ಇದೆ. ಶಬ್ದದ ಹಿಂದೆ "ಟ್ರೈ ಟು" ಇಟ್ಟು ನೋಡಿ. "ಟ್ರೈ ಟು ಅಬ್ಟೇನ್ ಪರ್ಮಿಷನ್" ಸಲೀಸಾಗಿ ಹೋಗುತ್ತದೆ. "ಟ್ರೈ ಟು ರಿಸೀವ್ ಎ ಲೆಟರ್" ಮುರಿಯುತ್ತದೆ, ಯಾಕೆಂದರೆ ಯಾರೋ ಕಳಿಸಿದ್ದು ಬರಲಿ ಅಂತ ನಾವು ಪ್ರಯತ್ನ ಪಡೋಕೆ ಆಗಲ್ಲ, ಕಾಯಬಹುದು ಅಷ್ಟೆ. (ರೇಡಿಯೋ ಸಿಗ್ನಲ್ ಬಿಡಿ, ಅಲ್ಲಿ ಆಂಟೆನಾ ತಿರುಗಿಸಬಹುದು.) ಅಕ್ವೈರ್‌ಗೆ ಬೇರೆ ಗುರುತು. "ಗ್ರ್ಯಾಜುಯಲಿ" ಸೇರಿಸಿ. "ಗ್ರ್ಯಾಜುಯಲಿ ಅಕ್ವೈರ್ಡ್ ದ ಸ್ಕಿಲ್" ಚೆನ್ನಾಗಿ ಕೂರುತ್ತದೆ. "ಗ್ರ್ಯಾಜುಯಲಿ ಅಬ್ಟೇನ್ಡ್ ಪರ್ಮಿಷನ್" ಕೂರಲ್ಲ, ಅನುಮತಿ ಒಂದು ದಿನ ಸಿಗುತ್ತದೆ ಅಥವಾ ಸಿಗಲ್ಲ. ಕಂಪನಿ ಕೊಳ್ಳುವುದಕ್ಕೂ ಅಕ್ವೈರ್ ಅಂತಾರೆ, ಅದು ಮೆಲ್ಲಗೆ ಆಗೋದಲ್ಲ ನಿಜ, ಆದರೆ ತಮ್ಮದಾಗಿ ಉಳಿಯುತ್ತದೆ. ಆದ್ದರಿಂದ ಈ ಎರಡನೇ ಗುರುತನ್ನು ಒಂದು ಕಡೆಗೆ ಮಾತ್ರ ನಂಬಿ: ಗ್ರ್ಯಾಜುಯಲಿ ಕೂತರೆ ಅಕ್ವೈರ್ ಇರಬಹುದು, ಕೂರದಿದ್ದರೆ ಅಲ್ಲ ಅಂತೇನಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರೋಣ.

ಒಂದನೆಯದು "ಐ ರಿಸೀವ್ಡ್ ಯುವರ್ ಲೆಟರ್ ಆನ್ ಮಂಡೇ". ಆಯಿತು.

ಎರಡನೆಯದು ಸರಿಯಾಗಿಯೇ ಇದೆ. ಮ್ಯಾನೇಜರ್ ಹತ್ತಿರ ಹೋಗಿ ಕೇಳುವವರು ನೀವು.

ಮೂರನೆಯದು ಮಜವಾಗಿದೆ. ಅಲ್ಲಿ ಗಾಟ್ ಇದ್ದರೂ ಪಡೆಯುವ ಮಾತೇ ಇಲ್ಲ. "ಹ್ಯಾಸ್ ಗಾಟ್ ಎಕ್ಸ್‌ಪೀರಿಯೆನ್ಸ್" ಅಂದರೆ ಅನುಭವ ಇದೆ ಅಂತ, ಅಷ್ಟೆ. "ಐ ಹ್ಯಾವ್ ಗಾಟ್ ಟು ಬ್ರದರ್ಸ್" ಅಂದಾಗ ತಮ್ಮಂದಿರನ್ನು ಎಲ್ಲಿಂದಲೋ ಸಂಪಾದಿಸಿದೆ ಅಂತ ಅಲ್ಲವಲ್ಲ. ಬರೆಯುವಾಗ ಗಾಟ್ ತೆಗೆದುಬಿಡಿ, "ಅವರ್ ಟೀಮ್ ಹ್ಯಾಸ್ ಗುಡ್ ಎಕ್ಸ್‌ಪೀರಿಯೆನ್ಸ್" ಉಳಿಯುತ್ತದೆ. ಸೀದಾಮಾತು ಸಾರ್ ಹೇಳಿದ ಜೋಡಿ ಹಿಡಿದು "ಹ್ಯಾಸ್ ಅಕ್ವೈರ್ಡ್" ಅಂತ ಬರೆದರೆ ತಪ್ಪಲ್ಲ, ಆದರೆ ಮಾತು ಬದಲಾಗುತ್ತದೆ. ಮೊದಲು ಇರಲಿಲ್ಲ, ಈಗ ಬಂದಿದೆ ಅನ್ನುವ ಧ್ವನಿ ಸೇರಿಕೊಳ್ಳುತ್ತದೆ. ಕೆಲಸ ಕೇಳುವ ಪತ್ರದಲ್ಲಿ ಅದು ಬೇಕಾ?

ನಾಲ್ಕನೆಯದರಲ್ಲಿ ಗೆಟ್ ಅಂದರೆ ಅರ್ಥವಾಗು. ಇದಕ್ಕೆ ಅಬ್ಟೇನ್, ರಿಸೀವ್ ಯಾವುದೂ ಹತ್ತಿರಕ್ಕೂ ಬರಲ್ಲ. "ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್" ಅನ್ನಿ. ನೀವು "ಡಿಡ್ ನಾಟ್ ರಿಸೀವ್ ಯುವರ್ ಥರ್ಡ್ ಪಾಯಿಂಟ್" ಅಂತ ಬರೆದಿದ್ದರೆ ಇನ್ನೂ ಅಪಾಯ ಇತ್ತು. ಒಂದು ಹಾಳೆ ಕಾಣೆಯಾಗಿದೆ ಅಂದುಕೊಂಡು ಅವರು ಪೂರ್ತಿ ಪತ್ರವನ್ನೇ ಇನ್ನೊಂದು ಸಲ ಕಳಿಸುತ್ತಿದ್ದರು.

ಐದನೆಯದರಲ್ಲಿ ಗೆಟ್ ಅಂದರೆ ಆಗುತ್ತಿದೆ. ತಡ ಆಗುತ್ತಿದೆ. "ದ ವರ್ಕ್ ಈಸ್ ಬೀಯಿಂಗ್ ಡಿಲೇಯ್ಡ್" ಅಥವಾ "ಹ್ಯಾಸ್ ಬೀನ್ ಡಿಲೇಯ್ಡ್".

ಐದು ಗೆಟ್‌ಗಳಲ್ಲಿ ಕೈಗೆ ಬರುವ ಗೆಟ್ ಇದ್ದದ್ದು ಎರಡೇ ನೋಡಿ. ಅಬ್ಟೇನ್ ಹಾಕುವ ಮುಂಚೆ, ಇಲ್ಲಿ ಏನಾದರೂ ನಿಜವಾಗಿ ಕೈಗೆ ಬರುತ್ತಿದೆಯಾ ಅಂತ ಕೇಳಿಕೊಂಡರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಮೂರನೇಬೆಂಚು

ಗುರುಗಳೇ, ಒಂದು ಅನುಮಾನ. ಒಂದು ಇಂಗ್ಲಿಷ್ ಲೇಖನದಲ್ಲಿ "ದ ಸೇಮ್ ರೂಲ್ ಅಬ್ಟೇನ್ಸ್ ಹಿಯರ್" ಅಂತ ಓದಿದೆ. ರೂಲ್ ಎಲ್ಲಿಗೆ ಓಡಾಡಿ ಏನನ್ನು ಪಡೆಯಿತು? ಪ್ರಿಂಟ್ ಮಿಸ್ಟೇಕಾ?

ತಿದ್ದುಗಾರ

ಮಿಸ್ಟೇಕ್ ಅಲ್ಲ. ಕರ್ಮ ಇಲ್ಲದೆ ಅಬ್ಟೇನ್ ಬಂದರೆ ಜಾರಿಯಲ್ಲಿದೆ, ನಡೆಯುತ್ತಿದೆ ಅಂತ ಅರ್ಥ. ಇಲ್ಲಿಯೂ ಅದೇ ನಿಯಮ ಇದೆ ಅಂದರು ಅಷ್ಟೆ. ತುಂಬಾ ಬಿಗಿಯಾದ ಬರಹದಲ್ಲಿ ಮಾತ್ರ ಸಿಗುತ್ತದೆ. ಓದುವಾಗ ಗೊತ್ತಿದ್ದರೆ ಸಾಕು, ನೀವು ಬರೆಯೋಕೆ ಹೋಗಬೇಡಿ.

ಗಾಟನ್ ವಿಷಯ ಉಳಿದಿತ್ತಲ್ಲ. ಅಮೆರಿಕದವರು "ಐ ಹ್ಯಾವ್ ಗಾಟ್ ಎ ಕಾರ್" ಅಂದರೆ ಕಾರ್ ಇದೆ, "ಐ ಹ್ಯಾವ್ ಗಾಟನ್ ಎ ಕಾರ್" ಅಂದರೆ ಈಗ ತಗೊಂಡೆ. ಬ್ರಿಟಿಷರಲ್ಲಿ ಎರಡಕ್ಕೂ ಗಾಟ್ ಒಂದೇ. ಗಾಟನ್ ಅವರ ಹತ್ತಿರವೂ ಒಂದು ಮೂಲೆಯಲ್ಲಿ ಉಳಿದಿದೆ, ಅನ್ಯಾಯದ ದುಡ್ಡಿಗೆ "ಇಲ್-ಗಾಟನ್" ಅಂತಾರೆ.

ಹಳೇಪೆನ್ನು

ರಿಸೀವ್ ಬಗ್ಗೆ ನನ್ನದೊಂದು ಸೇರಿಸುತ್ತೇನೆ, ಇದು ದುಬಾರಿ ಪಾಠ. ಕನ್ನಡದ 'ಸ್ವೀಕರಿಸು' ಕೂಡ 'ಪಡೆ'ಯ ಹಾಗೇ ಮೋಸ ಮಾಡುತ್ತದೆ. ಬಹಳ ಹಿಂದೆ ನಾನು ಒಂದು ಕಚೇರಿಯಲ್ಲಿ ಪತ್ರ ವ್ಯವಹಾರ ನೋಡುತ್ತಿದ್ದೆ. ಒಬ್ಬರು ಕೆಲಸಕ್ಕೆ ಇಷ್ಟಾಗುತ್ತದೆ ಅಂತ ದರಪಟ್ಟಿ ಕಳಿಸಿದ್ದರು. "ನಿಮ್ಮ ದರಪಟ್ಟಿಯನ್ನು ಸ್ವೀಕರಿಸಿದ್ದೇವೆ" ಅಂತ ಮನಸ್ಸಿನಲ್ಲಿ ಅಂದುಕೊಂಡು, ಇಂಗ್ಲಿಷಿನಲ್ಲಿ "ವಿ ಹ್ಯಾವ್ ಆಕ್ಸೆಪ್ಟೆಡ್ ಯುವರ್ ಕೊಟೇಷನ್" ಅಂತ ಬರೆದೆ. ಬಂದು ತಲುಪಿದೆ ಅನ್ನೋದು ನನ್ನ ಉದ್ದೇಶ. ಅವರು ಒಪ್ಪಿಕೊಂಡಿದ್ದಾರೆ ಅಂದುಕೊಂಡು ಸಾಮಾನು ತರಿಸಿ ಕೆಲಸ ಶುರು ಮಾಡಿಬಿಟ್ಟರು. ಇನ್ನಿಬ್ಬರ ದರಪಟ್ಟಿ ಬರುವುದು ಬಾಕಿ ಇತ್ತು. ತಪ್ಪು ಅವರದ್ದಲ್ಲ, ನನ್ನದು. "ರಿಸೀವ್ಡ್" ಅಂತ ಬರೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಇಂಗ್ಲಿಷಿನಲ್ಲಿ ರಿಸೀವ್ ಮಾಡಿದ್ದನ್ನು ಆಕ್ಸೆಪ್ಟ್ ಮಾಡಲೇಬೇಕು ಅಂತಿಲ್ಲ. ಬಂತು ಅನ್ನೋದು ಒಂದು, ಒಪ್ಪಿದೆ ಅನ್ನೋದು ಇನ್ನೊಂದು.

ಕಾನೂನಿನವರು ಈ ವಿಷಯದಲ್ಲಿ ಇನ್ನೂ ಹುಷಾರು. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ನೋಡಿ. ಸುಳ್ಳು ಹೇಳಿ ಬೇರೆಯವರ ಸ್ವತ್ತು ಹೊಡೆದವನಿಗೆ 15ನೇ ಸೆಕ್ಷನ್, ಅಲ್ಲಿರುವ ಕ್ರಿಯಾಪದ ಅಬ್ಟೇನ್. ಕದ್ದ ಮಾಲನ್ನು ಗೊತ್ತಿದ್ದೂ ಕೈಗೆ ತಗೊಂಡವನಿಗೆ 22ನೇ ಸೆಕ್ಷನ್, ಅಲ್ಲಿ ರಿಸೀವ್. ಇಬ್ಬರ ಕೈಗೂ ಮಾಲು ಬಂತು. ಮೊದಲನೆಯವನು ತಾನೇ ಬಲೆ ಬೀಸಿದ, ಎರಡನೆಯವನಿಗೆ ಇನ್ನೊಬ್ಬ ತಂದುಕೊಟ್ಟ. 15ನೇ ಸೆಕ್ಷನ್ ಈಗಿಲ್ಲ, 2006ರ ಫ್ರಾಡ್ ಆಕ್ಟ್ ಬಂದ ಮೇಲೆ ಹೋಯಿತು. ಆದರೆ ಎರಡು ಶಬ್ದದ ಅಂತರ ತಿಳಿಯೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ.

ಸೀದಾಮಾತು

ಸರಿ, ಒಪ್ಪಿದೆ. ಬಾಯಿಪಾಠದ ಜೋಡಿ ಎಲ್ಲ ಕಡೆ ನಡೆಯಲ್ಲ. ಆದರೆ ನಿಮ್ಮ ಓಡಾಟದ ಲೆಕ್ಕವೂ ಎಲ್ಲ ಕಡೆ ನಡೆಯಲ್ಲ ಸಾರ್. ಡಿಗ್ರಿಗೆ ಏನು ಹೇಳುತ್ತೀರಿ? "ರಿಸೀವ್ಡ್ ಎ ಡಿಗ್ರಿ" ಅಂತಲೂ ಬರೆಯುತ್ತಾರೆ, "ಅಬ್ಟೇನ್ಡ್ ಎ ಡಿಗ್ರಿ" ಅಂತಲೂ ಬರೆಯುತ್ತಾರೆ. ಮೂರು ವರ್ಷ ನಿದ್ದೆಗೆಟ್ಟು ಓದಿದವನು ಸುಮ್ಮನೆ ಕೂತಿದ್ದನಾ? ಅಂಕಪಟ್ಟಿಯಲ್ಲಿ "ಮಾರ್ಕ್ಸ್ ಅಬ್ಟೇನ್ಡ್" ಅಂತ ಇರುತ್ತದೆ, ಸೊನ್ನೆ ಬಂದವನಿಗೂ ಅದೇ ಕಾಲಂ! ಅವನು ಸೊನ್ನೆಗೋಸ್ಕರ ಓಡಾಡಿದನಾ?

ಮೂರನೇಬೆಂಚು

ನಾನು ಓಡಾಡಿದ್ದೇನೆ ಸಾರ್. ಪರೀಕ್ಷೆ ಹಾಲ್‌ವರೆಗೂ.

ತಿದ್ದುಗಾರ

ಸೊನ್ನೆ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸೋತೆ. ಫಾರಂಗಳಲ್ಲಿ ಒಂದು ಸಲ ಅಚ್ಚಾದ ಶಬ್ದ ಯೋಚನೆ ಮಾಡದೇ ಮುಂದುವರಿಯುತ್ತದೆ. "ರಿಸಲ್ಟ್ಸ್ ಅಬ್ಟೇನ್ಡ್" ಅನ್ನೋದೂ ಹಾಗೇ, ಲೆಕ್ಕದಲ್ಲಿ, ಪ್ರಯೋಗದಲ್ಲಿ ಬಂದದ್ದಕ್ಕೆಲ್ಲ ಅದೇ ರೂಢಿ.

ಡಿಗ್ರಿ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಅಲ್ಲಿ ಎರಡೂ ನಿಜ. ಓದಿ ಗಿಟ್ಟಿಸಿದ್ದು ನಾನು, ವೇದಿಕೆಯ ಮೇಲೆ ಕೊಟ್ಟವರು ಅವರು. ಬರೆಯುವವನು ಯಾವ ಕ್ಷಣವನ್ನು ನೋಡುತ್ತಿದ್ದಾನೆ ಅನ್ನುವುದರ ಮೇಲೆ ಶಬ್ದ ಬರುತ್ತದೆ. ವೀಸಾಕ್ಕೂ ಇದೇ ಕಥೆ. ಪ್ರಶಸ್ತಿಗೆ ಮಾತ್ರ ಹುಷಾರು, "ಅಬ್ಟೇನ್ಡ್ ಆನ್ ಅವಾರ್ಡ್" ಅಂದರೆ ಲಾಬಿ ಮಾಡಿಸಿಕೊಂಡ ಹಾಗೆ ಕೇಳುತ್ತದೆ.

ಸೀದಾಮಾತು

ಕೆಲವು ಪ್ರಶಸ್ತಿಗೆ ಅದೇ ಸರಿಯಾದ ಶಬ್ದ ಬಿಡಿ.

ಆದರೂ ಬರಹದಲ್ಲಿ ಗೆಟ್ ಬೇಡ ಅನ್ನೋ ನನ್ನ ಮಾತಿಗೆ ನಾನು ಬದ್ಧ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ನಾಲ್ಕರಲ್ಲಿ ಒಂದು ಭಾಗ ಅಂಕ ಶಬ್ದಸಂಪತ್ತಿಗೇ ಇದೆ. ಗೆಟ್ ಗೆಟ್ ಅಂತ ಬರೆದವನಿಗೆ ಏನು ಬರುತ್ತೆ?

ತಿದ್ದುಗಾರ

ನಿಜ, ಆ ಭಾಗ ಇದೆ. ಆದರೆ ಆ ಅಂಕ ಶಬ್ದ ಎಷ್ಟು ದೊಡ್ಡದು ಅನ್ನೋದಕ್ಕಷ್ಟೇ ಅಲ್ಲ, ಜಾಗಕ್ಕೆ ಒಪ್ಪುತ್ತಾ ಅನ್ನೋದಕ್ಕೂ ಸೇರಿದ್ದು. ಅದೇ ಪರೀಕ್ಷೆಯ ಜನರಲ್ ಟ್ರೈನಿಂಗಿನಲ್ಲಿ ಗೆಳೆಯನಿಗೆ ಪತ್ರ ಬರೆಯೋಕೆ ಕೊಡಬಹುದು. ಅಲ್ಲಿ "ಐ ಅಬ್ಟೇನ್ಡ್ ಎ ನ್ಯೂ ಫೋನ್" ಅಂದರೆ ಮಳೆಗಾಲ ಅವರ ಗೆಳತಿಗೆ ಆದ ಹಾಗೇ ಆಗುತ್ತದೆ. ಇನ್ನೊಂದು ಕಡೆ ಬ್ರಿಟನ್ನಿನಲ್ಲಿ 1979ರಿಂದ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಅಂತ ಒಂದು ಗುಂಪು ಇದೆ. ಜನರಿಗೆ ಬರೆಯುವ ಪತ್ರ, ಫಾರಂಗಳಲ್ಲಿ ಅಬ್ಟೇನ್ ತೆಗೆದು ಗೆಟ್ ಹಾಕಿ ಅಂತಲೇ ಅವರು ಹೇಳೋದು.

ಮಳೆಗಾಲ

ಹಾಗಾದರೆ ನಾನು ಗೆಳತಿಗೆ ಈಗ ಏನಂತ ಬರೆಯಲಿ? ಶಾಲು ಬಂದು ಒಂದು ವರ್ಷ ಆಯಿತು.

ಹಳೇಪೆನ್ನು

ಶಾಲು ಹೊದ್ದುಕೊಂಡು ಒಂದು ಫೋಟೋ ಕಳಿಸಿ ತಾಯಿ. ಕ್ರಿಯಾಪದ ಬೇಡ.

ನಿಂಬೆಹುಳಿ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪತ್ರ ತಿದ್ದಿ ಕೊಟ್ಟೆ. ಒಂದನೆಯದು ರಿಸೀವ್ಡ್, ಮೂರನೆಯದರಲ್ಲಿ ಗಾಟ್ ತೆಗೆದೆ, ನಾಲ್ಕು ಅಂಡರ್‌ಸ್ಟ್ಯಾಂಡ್, ಐದು ಹ್ಯಾಸ್ ಬೀನ್ ಡಿಲೇಯ್ಡ್. ನಾಲ್ಕೂ ಪಾಸ್.

ಆದರೆ ಈ ಸಲ ಸೀನಿಯರ್ ಎರಡನೆಯದಕ್ಕೆ ಕೈ ಹಾಕಿದರು. ಮೊದಲ ಸಲ ಬಿಟ್ಟಿದ್ದ ಅಬ್ಟೇನ್ ಹೊಡೆದು, ಪಕ್ಕದಲ್ಲಿ ಗೆಟ್ ಅಂತ ಬರೆದಿದ್ದಾರೆ! ಯಾಕೆ ಸಾರ್ ಅಂತ ಈ ಸಲ ಕೇಳಿಯೇಬಿಟ್ಟೆ. "ಉಳಿದದ್ದೆಲ್ಲ ಸಲೀಸಾಗಿದೆ, ಇದೊಂದೇ ಟೈ ಕಟ್ಟಿಕೊಂಡು ನಿಂತಿದೆ" ಅಂದರು.

ಸೀದಾಮಾತು

ನಿಮ್ಮ ಸೀನಿಯರ್ ನಂಬರ್ ಕೊಡಿ, ನಾನು ಮಾತಾಡುತ್ತೇನೆ.

ತಿದ್ದುಗಾರ

ನಾನಾಗಿದ್ದರೆ ಅಬ್ಟೇನ್ ಬಿಡುತ್ತಿದ್ದೆ. ಪರ್ಮಿಷನ್ ಪಕ್ಕದಲ್ಲಿ ಅದು ಅಷ್ಟೇನೂ ಕುತ್ತಿಗೆ ಬಿಗಿಯಲ್ಲ. ಆದರೆ ಪೂರ್ತಿ ಪತ್ರ ನೋಡಿದವರು ಅವರು. ಮಿಕ್ಕ ಸಾಲುಗಳನ್ನೂ ಒಂದು ಸಲ ಹಾಕಿ, ನೋಡೋಣ.